ಒಂದೇ ಕೆಲಸ, ಎರಡು ಲೆಕ್ಕ: ಲಾರಿ ಎಂಜಿನ್ ಓವರ್‌ಹಾಲ್

ಕೋಲಾರದಿಂದ ಚೆನ್ನೈಗೆ ಟೊಮೆಟೊ ಸಾಗಿಸುವ ಬಾಡಿಗೆ ಲಾರಿಗಳ ಮಾಲೀಕರೊಬ್ಬರ ಲೆಕ್ಕವನ್ನು ನಾನು ಬರೆಯುತ್ತೇನೆ. ಈ ವರ್ಷ ಅವರ ಎರಡು ಲಾರಿಗಳ ಎಂಜಿನ್ ಓವರ್‌ಹಾಲ್ ಬಿಲ್ ಬಂದವು. ಎರಡರಲ್ಲೂ ಪಿಸ್ಟನ್, ರಿಂಗ್, ಲೈನರ್, ಬೇರಿಂಗ್, ಕೂಲಿ. ತಲಾ 1,30,000 ರೂಪಾಯಿ.

“ಇಷ್ಟು ದೊಡ್ಡ ಮೊತ್ತವನ್ನು ಖರ್ಚಿಗೆ ಹಾಕಬಹುದೇ ಸಾರ್?” ಎಂದು ಕೇಳಿದರು. ಮೊತ್ತ ನೋಡಿ ಇದನ್ನು ನಿರ್ಧರಿಸಬಾರದು. ಕೆಲಸ ಲಾರಿಗೆ ಏನು ಕೊಟ್ಟಿತು ಎಂದು ನೋಡಬೇಕು.

ಮೊದಲ ಲಾರಿ ವರ್ಷಗಳಿಂದ ಅವರ ಬಳಿಯೇ ಓಡುತ್ತಿತ್ತು. ಹೊಗೆ ಹೆಚ್ಚಾಗಿ, ಎಂಜಿನ್ ಆಯಿಲ್ ಕುಡಿಯತೊಡಗಿತ್ತು. ಓವರ್‌ಹಾಲ್ ನಂತರ ಹಳೆಯ ಶಕ್ತಿ ಮರಳಿತೇ ಹೊರತು ಹೊರುವ ಭಾರ ಹೆಚ್ಚಲಿಲ್ಲ; ಎಂಜಿನ್ ಬ್ಲಾಕ್ ಕೂಡ ಹಳೆಯದೇ. ಪೂರ್ತಿ ಮೊತ್ತವನ್ನು ದುರಸ್ತಿ ಖರ್ಚಿಗೆ ಬರೆದೆ.

ಎರಡನೆಯದನ್ನು ಎಂಜಿನ್ ಕೆಟ್ಟಿದ್ದಾಗಲೇ 4,00,000 ರೂಪಾಯಿಗೆ ಕೊಂಡಿದ್ದರು. ಓವರ್‌ಹಾಲ್ ಆಗದೆ ಅದು ರಸ್ತೆಗಿಳಿಯುವಂತಿರಲಿಲ್ಲ. ಬಳಕೆಗೆ ಸಿದ್ಧಪಡಿಸಲು ತಗುಲಿದ ಹಣ ಆಸ್ತಿಯ ಬೆಲೆಗೇ ಸೇರುತ್ತದೆ. ಆದ್ದರಿಂದ ಲಾರಿಯನ್ನು 5,30,000 ರೂಪಾಯಿಗೆ ತೋರಿಸಿದೆ. ಬಾಡಿಗೆ ಲಾರಿಗೆ ಆದಾಯ ತೆರಿಗೆಯಲ್ಲಿ ಸವಕಳಿ ಶೇ. 30. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರಿಂದ ಅದರ ಅರ್ಧ, ಅಂದರೆ 79,500 ರೂಪಾಯಿ ಸಿಕ್ಕಿತು.

ಖರೀದಿ ಪತ್ರ ಮತ್ತು ಮೆಕ್ಯಾನಿಕ್ ಬರೆದುಕೊಟ್ಟ ದೋಷದ ವಿವರವನ್ನು ಬಿಲ್‌ಗಳಿಗೆ ಲಗತ್ತಿಸಿದ್ದೇನೆ.