ಪುಕ್ಕಟೆ ಬಂದ ಗ್ರೈಂಡರಿಗೆ ನಾನು ರಿವ್ಯೂ ಮಾಡಿದ ಬಗೆ

ಅಡುಗೆಮನೆ ಸಾಮಾನುಗಳ ರಿವ್ಯೂ ವಿಡಿಯೋ ಮಾಡುತ್ತೇನೆ. ಕಂಪನಿಗಳು ಕೆಲವು ಸಾಮಾನುಗಳನ್ನು ಉಚಿತವಾಗಿ ಕಳುಹಿಸುತ್ತವೆ. ಈಚೆಗೆ ಹಾಗೆ ಬಂದದ್ದು ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್.

ಕಳುಹಿಸುವ ಮೊದಲೇ ಕಂಪನಿಗೆ ಮೇಲ್ ಬರೆದೆ. ಉಚಿತವಾಗಿ ಬಂದದ್ದು ಅಂತ ವಿಡಿಯೋದಲ್ಲೇ ಹೇಳುತ್ತೇನೆ. ಹಾಕುವ ಮುಂಚೆ ನಿಮಗೆ ತೋರಿಸುವುದಿಲ್ಲ. ವ್ಯಾಟ್, ವಾರಂಟಿಯಂಥ ಮಾಹಿತಿ ತಪ್ಪಿದ್ದರೆ ತಿದ್ದುತ್ತೇನೆ, ಅಭಿಪ್ರಾಯ ಬದಲಾಯಿಸುವುದಿಲ್ಲ. ಇದಕ್ಕೆ ಒಪ್ಪಿದ ಮೇಲೇ ವಿಳಾಸ ಕೊಟ್ಟದ್ದು. ಇಂಥ ಮಾತು ಬರವಣಿಗೆಯಲ್ಲಿ ಇರಲೇಬೇಕು, ಫೋನಿನಲ್ಲಿ ಆಡಿದ್ದು ಆಮೇಲೆ ನಿಲ್ಲುವುದಿಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಹಾಳೆಯಲ್ಲಿ ಏನೇನು ನೋಡಬೇಕು ಅಂತ ಬರೆದಿಟ್ಟೆ: ಉದ್ದಿನಬೇಳೆ ಎಷ್ಟು ನುಣ್ಣಗಾಗುತ್ತದೆ, ಹಿಟ್ಟು ಎಷ್ಟು ಬಿಸಿಯಾಗುತ್ತದೆ, ತೊಳೆಯೋದು ಎಷ್ಟು ಕಷ್ಟ, ಸದ್ದು ಎಷ್ಟು. ಯಾವುದು ಕೆಟ್ಟರೆ "ಬೇಡ" ಅನ್ನುತ್ತೇನೆ ಅನ್ನುವುದನ್ನೂ ಆಗಲೇ ಬರೆದೆ. ಸಾಮಾನು ಕೈಗೆ ಬಂದ ಮೇಲೆ ಪಟ್ಟಿ ಮಾಡಿದರೆ, ಅದರಲ್ಲಿ ಚೆನ್ನಾಗಿರುವುದೇ ಮುಖ್ಯ ಅಂತ ಅನ್ನಿಸಲು ಶುರುವಾಗುತ್ತದೆ. ಪಕ್ಷಪಾತ ಒಳಗೆ ಬರುವುದು ಹೆಚ್ಚಾಗಿ ಇಲ್ಲೇ, ಸುಳ್ಳು ಹೇಳುವುದರಲ್ಲಿ ಅಲ್ಲ.

ಪರೀಕ್ಷೆಗೆ ಜೊತೆಯಾಗಿ ಇಟ್ಟದ್ದು ನಾನೇ ದುಡ್ಡು ಕೊಟ್ಟು ತಂದಿದ್ದ ಹಳೆಯ ಗ್ರೈಂಡರ್. ಒಂದೇ ಪ್ಯಾಕೆಟ್ಟಿನ ಬೇಳೆಯನ್ನು ಒಂದೇ ಪಾತ್ರೆಯಲ್ಲಿ ನೆನೆಸಿ, ಎರಡು ಪಾಲು ಮಾಡಿ, ಎರಡಕ್ಕೂ ಅಷ್ಟಷ್ಟೇ ತಣ್ಣೀರು ಹಾಕಿ ರುಬ್ಬಿದೆ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ಅದು ತೇಲಬೇಕು, ಆಗಲೇ ಉದ್ದು ಸರಿಯಾಗಿ ಉಬ್ಬಿದೆ ಅಂತ. ಎರಡೂ ತೇಲಿದವು. ಮಾರನೇ ದಿನ ಇಡ್ಲಿ ಮಾಡಿ, ತಟ್ಟೆಗಳ ಅಡಿಯಲ್ಲಿ ಗುರುತು ಬರೆದು, ಯಾವುದು ಯಾವುದರ ಹಿಟ್ಟು ಅಂತ ಹೇಳದೆ ಅತ್ತೆಗೂ ಪಕ್ಕದ ಮನೆಯವರಿಗೂ ಕೊಟ್ಟೆ. ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹೊಸದರ ಇಡ್ಲಿ ಮೆತ್ತಗಿದೆ ಅಂತ ನನಗೆ ಮಾತ್ರ ಅನ್ನಿಸಿತ್ತು, ಯಾವುದು ಯಾವುದು ಅಂತ ನನಗೆ ಗೊತ್ತಿತ್ತಲ್ಲ! ಆ ಮಾತನ್ನು ವಿಡಿಯೋಗೆ ಸೇರಿಸಲಿಲ್ಲ.

ದೋಷ ಕಂಡದ್ದು ಕಡಿಮೆ ಹಾಕಿದಾಗ. ಅರ್ಧ ಪಾವು ಬೇಳೆ ಹಾಕಿದರೆ ಕಲ್ಲಿಗೆ ಸರಿಯಾಗಿ ಸಿಗದೆ ಡ್ರಮ್ಮಿನ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಮತ್ತೆ ಮತ್ತೆ ನಿಲ್ಲಿಸಿ ಸೌಟಿನಿಂದ ಕೆಳಗೆ ತಳ್ಳಬೇಕು. ಕಂಪನಿಯ ಜಾಹೀರಾತಿನಲ್ಲಿ ಯಾವಾಗಲೂ ಡ್ರಮ್ ತುಂಬಾ ಹಿಟ್ಟು ಇರುತ್ತದೆ, ಅಲ್ವಾ? ಇಬ್ಬರೇ ಇರುವ ಮನೆಯಲ್ಲಿ ಅಷ್ಟು ಯಾರು ರುಬ್ಬುತ್ತಾರೆ?

ಉಚಿತ ಸಾಮಾನಿನಲ್ಲಿ ಎರಡು ವಿಷಯ ಕಾಣುವುದೇ ಇಲ್ಲ. ಒಂದು ಬೆಲೆ. ದುಡ್ಡು ಹೋಗಿಲ್ಲದಿದ್ದರೆ ತೊಳೆಯುವ ಕಿರಿಕಿರಿಯೂ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಅದೇ ಬೆಲೆಗೆ ಅಂಗಡಿಯಲ್ಲಿ ಬೇರೆ ಏನು ಸಿಗುತ್ತದೆ ಅಂತ ನೋಡಿ, ಇದಕ್ಕೆ ನನ್ನ ದುಡ್ಡು ಹಾಕುತ್ತಿದ್ದೆನಾ ಅಂತ ಕೇಳಿಕೊಳ್ಳುತ್ತೇನೆ. ಇನ್ನೊಂದು ಸರ್ವಿಸ್. ರಿವ್ಯೂ ಮಾಡುವವಳು ಅಂತ ಗೊತ್ತಾದರೆ ಫೋನ್ ಮಾಡಿದ ಕೂಡಲೇ ಉತ್ತರ ಸಿಗುತ್ತದೆ. ಅದಕ್ಕೆ ನಮ್ಮವರ ಫೋನಿನಿಂದ, ಹೆಸರು ಹೇಳದೆ, ಸಾಮಾನ್ಯ ಗಿರಾಕಿಯಂತೆ ಬೆಲ್ಟ್ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದೆ. ಅಲ್ಲಿ ಸಿಕ್ಕ ಉತ್ತರವನ್ನೇ ವಿಡಿಯೋದಲ್ಲಿ ಹೇಳಿದೆ. ಕಂಪನಿ ಆರಿಸಿ ಕಳುಹಿಸಿದ ಪೀಸ್ ಅಂಗಡಿಯ ಪೀಸಿನ ಹಾಗೇ ಇರುತ್ತದೆ ಅಂತ ಮಾತ್ರ ಹೇಳಲು ನನ್ನಿಂದ ಆಗದು. ಅದನ್ನೂ ನೋಡುವವರಿಗೆ ತಿಳಿಸುತ್ತೇನೆ.

ಇನ್ನು ಹೇಳುವ ರೀತಿ. ಜಾಹೀರಾತು ಮಂಡಳಿ ಎಎಸ್‌ಸಿಐನ 2021ರ ಮಾರ್ಗಸೂಚಿಯಲ್ಲೂ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಸೂಚನೆಯಲ್ಲೂ ಉಚಿತ ಸಾಮಾನು ಕೂಡ ನೋಡುವವರಿಗೆ ಹೇಳಲೇಬೇಕಾದ, ಕಂಪನಿಯ ಜೊತೆಗಿನ ಸಂಬಂಧವೇ. ದುಡ್ಡು ತಗೊಂಡಿಲ್ಲ ಅನ್ನೋದು ನೆಪವಾಗುವುದಿಲ್ಲ. ವಿಡಿಯೋದಲ್ಲಾದರೆ ಬಾಯಲ್ಲೂ ಹೇಳಬೇಕು, ತೆರೆಯ ಮೇಲೂ ತೋರಿಸಬೇಕು. ಎರಡು ನಿಮಿಷ ದಾಟಿದ ವಿಡಿಯೋದಲ್ಲಿ ಆ ಸಾಮಾನಿನ ಮಾತು ಇರುವಷ್ಟು ಹೊತ್ತೂ ಲೇಬಲ್ ಇರಬೇಕು ಅನ್ನುತ್ತದೆ ಮಂಡಳಿ. ಕೆಳಗೆ ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಒಂದು ಪದ ಸೇರಿಸಿಬಿಟ್ಟರೆ ಸಾಲದು.

ನಾನು ಶುರುವಿನಲ್ಲೇ, ಮುಖ ತೋರಿಸಿ ಹೇಳಿದ್ದು ಇಷ್ಟು: "ಈ ಗ್ರೈಂಡರ್ ಕಂಪನಿಯವರೇ ಕಳುಹಿಸಿದ್ದು. ನಾನು ದುಡ್ಡು ಕೊಟ್ಟಿಲ್ಲ, ತಗೊಂಡೂ ಇಲ್ಲ. ವಿಡಿಯೋನ ಅವರು ಮೊದಲೇ ನೋಡಿಲ್ಲ. ಕೆಳಗಿನ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ." ಕಮಿಷನ್ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. "ಇದನ್ನು ಕೊಳ್ಳಿ" ಅನ್ನುವ ಆಸೆ ಉಚಿತ ಸಾಮಾನಿಗಿಂತ ಅದರಿಂದಲೇ ಜಾಸ್ತಿ ಬರುತ್ತದೆ.

ತೀರ್ಮಾನ: ನಾಲ್ಕೈದು ಜನರ ಮನೆಗೆ ಆಗಬಹುದು, ಇಬ್ಬರ ಮನೆಗೆ ಬೇಡ. ವಿಡಿಯೋ ಬಂದ ಮೇಲೆ ಕಂಪನಿಯಿಂದ ಮೇಲ್ ಬಂತು, ಅರ್ಧ ಪಾವಿನ ಭಾಗ ತೆಗೆಯಬಹುದಾ ಅಂತ. ಎಷ್ಟು ಕಡಿಮೆ ಹಾಕಬಹುದು ಅನ್ನುವುದನ್ನು ನೀವೇ ಪೆಟ್ಟಿಗೆಯ ಮೇಲೆ ಬರೆದರೆ ಅದನ್ನೂ ಹೇಳುತ್ತೇನೆ ಅಂತ ಉತ್ತರಿಸಿ, ಭಾಗವನ್ನು ಹಾಗೇ ಬಿಟ್ಟೆ. ಗ್ರೈಂಡರ್ ವಾಪಸ್ ಬೇಡ ಅಂದರು, ನಮ್ಮ ಮನೆಯಲ್ಲೇ ಇದೆ. ಹಾಗಾಗಿ ಬೇರೆ ಅಡುಗೆಯ ವಿಡಿಯೋದಲ್ಲಿ ಅದರಲ್ಲಿ ರುಬ್ಬಿದರೂ ಅದು ಉಚಿತವಾಗಿ ಬಂದದ್ದು ಅಂತ ಪ್ರತಿ ಸಲ ಹೇಳುತ್ತೇನೆ.