ಸಿನಾಪ್ಸಿಸ್ ಪರಿಶೀಲನೆ: ಪೀಠಿಕೆ ಪಕ್ಕಕ್ಕಿಡಿ, ಪ್ರಶ್ನೆ ಹುಡುಕಿ

ಪಿಎಚ್‌.ಡಿ. ಪ್ರಸ್ತಾವನೆಗಳನ್ನು ನೋಡುವ ಸಮಿತಿಗಳಲ್ಲಿ ಮತ್ತೆ ಮತ್ತೆ ಆಗುವುದೊಂದಿದೆ. ಅರ್ಧ ಗಂಟೆ ಕಾಗುಣಿತದ ಮೇಲೆ, ಗ್ರಂಥಸೂಚಿಯ ಮೇಲೆ, ಶೀರ್ಷಿಕೆಯಲ್ಲಿ ‘ಒಂದು ಅಧ್ಯಯನ’ ಇರಬೇಕೋ ಬೇಡವೋ ಎಂಬುದರ ಮೇಲೆ ಚರ್ಚೆ ನಡೆಯುತ್ತದೆ. ವಿದ್ಯಾರ್ಥಿ ಕೇಳುತ್ತಿರುವ ಪ್ರಶ್ನೆ ಯಾವುದು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಅದೇ ಹುಡುಗಿ ತುಂಬಿಸಿದ ಪ್ರಶ್ನಾವಳಿಗಳ ಕಟ್ಟು ಹಿಡಿದು ಬಂದು, ‘ಮೇಡಂ, ಇದರಿಂದ ಏನು ಹೇಳೋದು?’ ಎಂದು ಕೇಳುತ್ತಾಳೆ. ಆ ಮಾತು ಎರಡು ಸಲ ಕೇಳಿದ ಮೇಲೆ ನಾನು ಓದುವ ಕ್ರಮವನ್ನೇ ಬದಲಿಸಿಕೊಂಡೆ.

ವಿವರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾನು ಓದಿದ ಹಲವು ಪ್ರಸ್ತಾವನೆಗಳನ್ನು ಬೆರೆಸಿ ಮಾಡಿಕೊಂಡದ್ದು. ಶೀರ್ಷಿಕೆ: ‘ಶಕ್ತಿ ಯೋಜನೆ ಮತ್ತು ಗ್ರಾಮೀಣ ಮಹಿಳಾ ಸಬಲೀಕರಣ’. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಶುರುವಾದದ್ದು 2023ರ ಜೂನ್ 11ರಂದು. ವಿಧಾನ: ಒಂದು ತಾಲ್ಲೂಕು ಬಸ್ ನಿಲ್ದಾಣದಲ್ಲಿ 384 ಮಹಿಳೆಯರಿಗೆ ಪ್ರಶ್ನಾವಳಿ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ನಿಮ್ಮ ಕೈಯಾರೆ ಬರೆಯಿರಿ

ಶೀರ್ಷಿಕೆ, ಉದ್ದೇಶಗಳು, ವಿಧಾನ, ಇಷ್ಟೇ ಓದಿ. ಪೀಠಿಕೆಯನ್ನು ಕೊನೆಗೆ ಬಿಡಿ. ಚೆಂದದ ಪೀಠಿಕೆ ಓದಿದ ಮೇಲೆ ಇಲ್ಲದ ಪ್ರಶ್ನೆಯೂ ಇರುವಂತೆ ಕಾಣುತ್ತದೆ. ಈಗ ಒಂದು ಹಾಳೆಯಲ್ಲಿ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರಲ್ಲಿ, ಎಲ್ಲಿ, ಏನು ಬದಲಾಯಿತು, ಯಾವುದಕ್ಕೆ ಹೋಲಿಸಿದರೆ ಎಂಬ ನಾಲ್ಕೂ ಅದರಲ್ಲಿ ಬರಬೇಕು. ನಮ್ಮ ಉದಾಹರಣೆಯಲ್ಲಿ ‘ಏನು ಬದಲಾಯಿತು’ ಎಂಬಲ್ಲೇ ಪೆನ್ಸಿಲ್ ನಿಲ್ಲುತ್ತದೆ. ಸಬಲೀಕರಣ ಎಂದರೆ ಕೂಲಿಗೆ ಹೋದ ದಿನಗಳೇ, ಕೈಯಲ್ಲಿ ಉಳಿದ ದುಡ್ಡೇ, ಯಾರ ಅನುಮತಿಯೂ ಇಲ್ಲದೆ ತವರಿಗೆ ಹೋಗಿ ಬರುವುದೇ? ಒಂದೊಂದಕ್ಕೂ ಬೇರೆ ಬೇರೆ ಅಧ್ಯಯನ ಬೇಕು.

ಇನ್ನೊಂದು ಪರೀಕ್ಷೆಯೂ ಇದೆ. ಉತ್ತರ ‘ಇಲ್ಲ’ ಎಂದು ಬರಲು ಸಾಧ್ಯವೇ? ‘ಯೋಜನೆಯ ಪ್ರಯೋಜನಗಳನ್ನು ತಿಳಿಯುವುದು’ ಎಂಬ ಉದ್ದೇಶಕ್ಕೆ ಆ ಸಾಧ್ಯತೆಯೇ ಇಲ್ಲ, ಪ್ರಯೋಜನ ಇದೆ ಎಂದು ಮೊದಲೇ ತೀರ್ಮಾನವಾಗಿದೆ. ‘ಬೆಳಿಗ್ಗೆ ಸರ್ಕಾರಿ ಬಸ್ ಬರುವ ಹಳ್ಳಿಗಳ ಮಹಿಳೆಯರಲ್ಲಿ, ಬಾರದ ಹಳ್ಳಿಗಳವರಿಗಿಂತ ಹೆಚ್ಚು ಮಂದಿ ಊರಾಚೆ ಕೂಲಿಗೆ ಹೋಗುತ್ತಿದ್ದಾರೆಯೇ?’ ಎಂದರೆ ‘ಇಲ್ಲ’ ಎಂಬ ಉತ್ತರಕ್ಕೂ ಬಾಗಿಲು ತೆರೆದಿರುತ್ತದೆ.

ಎರಡನೇ ಹೆಜ್ಜೆ: ವಿಧಾನ ಆ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ?

ಹೆಚ್ಚಿನ ಪರಿಶೀಲಕರು ಎಡವುವುದು ಇಲ್ಲೇ. ಪ್ರಶ್ನಾವಳಿ ಇದೆ, ಎಸ್‌ಪಿಎಸ್‌ಎಸ್ ಇದೆ, ಕೈ-ವರ್ಗ ಪರೀಕ್ಷೆ ಇದೆ ಎಂದು ಪಟ್ಟಿಗೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ನೀವು ನಿಧಾನವಾಗಿ ನೋಡಿ.

ಬಸ್ ನಿಲ್ದಾಣದಲ್ಲಿ ಸಿಗುವವರು ಯಾರು? ಈಗಾಗಲೇ ಓಡಾಡುತ್ತಿರುವವರು. ಉಚಿತವಾದರೂ ಮನೆಬಿಟ್ಟು ಹೊರಡದ ಮಹಿಳೆ ಅಲ್ಲಿ ಸಿಗುವುದೇ ಇಲ್ಲ. ಯೋಜನೆ ಯಾರಲ್ಲಿ ಏನೂ ಬದಲಿಸಲಿಲ್ಲವೋ ಅವರನ್ನೆಲ್ಲ ಹೊರಗಿಟ್ಟು ಬದಲಾವಣೆಯನ್ನು ಅಳೆದಂತಾಗುತ್ತದೆ. ಆದ್ದರಿಂದ ಮನೆಗೇ ಹೋಗಿ ಕೇಳಬೇಕು.

‘ಮೊದಲು ಎಷ್ಟು ದಿನ ಕೂಲಿಗೆ ಹೋಗುತ್ತಿದ್ದಿರಿ?’ ಎಂದು ಈಗ ಕೇಳುವುದೂ ಸುಭದ್ರವಲ್ಲ. ಇಂಥದೇ ಒಂದು ಪೂರ್ವಪರೀಕ್ಷೆಗೆ ವಿದ್ಯಾರ್ಥಿನಿಯ ಜೊತೆ ನಾನೂ ಹೋಗಿದ್ದೆ. ಒಬ್ಬ ತಾಯಿ ಹಳೆಯ ಟಿಕೆಟ್ ದರವನ್ನು ‘ಹದಿನೆಂಟು ರೂಪಾಯಿ’ ಎಂದು ತಟ್ಟನೆ ಹೇಳಿದರು. ತಿಂಗಳಿಗೆ ಎಷ್ಟು ದಿನ ಎಂದದ್ದಕ್ಕೆ, ‘ಕೆಲಸ ಇದ್ದಾಗ ಹೋಗ್ತಿದ್ವಮ್ಮ’ ಎಂದರು. ಹಾಳೆಯಲ್ಲಿ ಅಂಕಿಯೇ ಬೇಕಿತ್ತು. ವಿದ್ಯಾರ್ಥಿನಿ ‘ಹದಿನೈದು ಅಂತ ಹಾಕ್ಕೊಳ್ಳಲಾ?’ ಎಂದಳು, ಅವರು ಹೂಂ ಎಂದರು. ಆ ಹದಿನೈದು ಹುಟ್ಟಿದ್ದು ಹೀಗೆ.

ಹಾಗಾದರೆ ಹಳ್ಳಿ ಹಳ್ಳಿಗಳನ್ನು ಹೋಲಿಸುವುದು ಮೇಲು. ಆದರೆ ಸರ್ಕಾರಿ ಬಸ್ ಹೋಗುವುದು ಸಾಮಾನ್ಯವಾಗಿ ಡಾಂಬರು ರಸ್ತೆಯ, ಪೇಟೆಗೆ ಹತ್ತಿರದ ಊರುಗಳಿಗೆ; ಅಲ್ಲಿ ಮೊದಲಿನಿಂದಲೂ ಹೊರಗೆ ದುಡಿಯುವವರು ಹೆಚ್ಚಿರಬಹುದು. 2011ರ ಜನಗಣತಿಯ ಗ್ರಾಮವಾರು ವಿವರಗಳಲ್ಲಿ ಬಸ್ ಸೌಲಭ್ಯ, ಪಟ್ಟಣದ ದೂರ, ದುಡಿಯುವ ಮಹಿಳೆಯರ ಸಂಖ್ಯೆ ಸಿಗುತ್ತವೆ. ಅಂಕಿಗಳು ಹಳೆಯವಾದರೂ ಯೋಜನೆಗೆ ಮುಂಚಿನವು ಎಂಬುದೇ ಇಲ್ಲಿ ಅನುಕೂಲ. ಅವನ್ನು ನೋಡಿ ಒಂದೇ ತರಹದ ಹಳ್ಳಿಗಳನ್ನು ಜೋಡಿ ಮಾಡಿಕೊಂಡಿದ್ದಾರೆಯೇ ಎಂದು ಹುಡುಕಿ. ಪ್ರಸ್ತಾವನೆಯಲ್ಲಿ ಆ ಒಂದು ಪ್ಯಾರಾ ಇದ್ದರೆ ವಿದ್ಯಾರ್ಥಿ ಯೋಚಿಸಿದ್ದಾಳೆ ಎಂದು ನನಗೆ ಖಾತ್ರಿ.

ಸಾರಿಗೆ ನಿಗಮದ ಶೂನ್ಯ ಟಿಕೆಟ್‌ಗಳ ಲೆಕ್ಕ ಬಳಸುತ್ತೇವೆ ಎಂದು ಕೆಲವರು ಬರೆದಿರುತ್ತಾರೆ. ಆ ಲೆಕ್ಕದಿಂದ ಎಷ್ಟು ಪ್ರಯಾಣಗಳಾದವು ಎಂದು ತಿಳಿಯುತ್ತದೆ. ಎಷ್ಟು ಮಂದಿ ಮಹಿಳೆಯರು, ಯಾವ ಕೆಲಸಕ್ಕೆ ಹೋದರು ಎಂಬುದು ತಿಳಿಯುವುದಿಲ್ಲ.

ಇನ್ನು ಆ 384. ಸಮಾಜವಿಜ್ಞಾನದ ಸಿನಾಪ್ಸಿಸ್‌ಗಳಲ್ಲಿ ಈ ಸಂಖ್ಯೆ ಮಂತ್ರದಂತೆ ಬರುತ್ತದೆ. ದೊಡ್ಡ ಜನಸಂಖ್ಯೆಯಿಂದ ಲಾಟರಿ ಎತ್ತಿದಂತೆ ಆರಿಸಿ, ಒಂದೇ ಒಂದು ಪ್ರಮಾಣವನ್ನು ಶೇ 5ರಷ್ಟು ಆಚೀಚೆ ಅಂದಾಜಿಸಲು ಅದು ಸಾಕು. ಎರಡು ಗುಂಪುಗಳನ್ನು ಹೋಲಿಸಲು ಆ ಲೆಕ್ಕ ನಡೆಯುವುದಿಲ್ಲ. ಒಂದು ಕಡೆ ಶೇ 40, ಇನ್ನೊಂದು ಕಡೆ ಶೇ 50 ಎಂಬ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಲು ಗುಂಪಿಗೆ ಸುಮಾರು 400 ಮಂದಿ ಬೇಕು. ಒಂದೇ ಹಳ್ಳಿಯ ಇಪ್ಪತ್ತು ಮಂದಿ ಒಂದೇ ಬಸ್ಸು, ಒಂದೇ ಮೇಸ್ತ್ರಿಯನ್ನು ನೆಚ್ಚಿಕೊಂಡವರಾದ್ದರಿಂದ ಅವರ ಉತ್ತರಗಳೂ ಹೋಲುತ್ತವೆ. ಹೀಗೆ ಹಳ್ಳಿವಾರು ಆರಿಸಿದರೆ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುವುದುಂಟು. ಎರಡೂ ಗುಂಪು ಸೇರಿ 1,600. ಅಂತರ್ಜಾಲದಲ್ಲಿ ಸಿಗುವ ಮಾದರಿ ಗಾತ್ರದ ಸಿದ್ಧ ಕ್ಯಾಲ್ಕುಲೇಟರ್‌ಗಳನ್ನು ನಂಬಬೇಡಿ. ಬಹಳಷ್ಟು ಮೊದಲ ಲೆಕ್ಕವನ್ನೇ ಮಾಡಿಕೊಡುತ್ತವೆ, ನಿಮ್ಮ ಪ್ರಶ್ನೆ ಯಾವುದೆಂದು ಕೇಳುವುದೂ ಇಲ್ಲ.

ಮೂರನೇ ಹೆಜ್ಜೆ: ಕಾಲ, ಕಾಲು, ಕಾಸು

ಈಗ ಗುಣಾಕಾರ ಮಾಡಿ. ಒಂದು ಸಂದರ್ಶನಕ್ಕೆ 40 ನಿಮಿಷ. ಕೂಲಿಗೆ ಹೋಗುವವರು ಮನೆಯಲ್ಲಿ ಸಿಗುವುದು ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಆರರ ಮೇಲೆ, ಅದೂ ಒಲೆ ಮುಂದೆ. ದಿನಕ್ಕೆ ಐದು ಆದರೆ ಹೆಚ್ಚು. 1,600ಕ್ಕೆ 320 ದಿನ ಬೇಕು. ಮಳೆಗಾಲ, ಜಾತ್ರೆ, ಸುಗ್ಗಿ ಕಳೆದರೆ ಒಂದೂವರೆ ವರ್ಷ ದಾಟುತ್ತದೆ. ಯುಜಿಸಿ ನಿಯಮದಲ್ಲಿ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ ಮೂರು ವರ್ಷ. ಪ್ರಸ್ತಾವನೆಯ ವೇಳಾಪಟ್ಟಿಯಲ್ಲಿ ‘ಮಾಹಿತಿ ಸಂಗ್ರಹ: 6 ತಿಂಗಳು’ ಎಂದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ. ಗೂಗಲ್ ಫಾರ್ಮ್‌ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವುದು ಇದಕ್ಕೆ ಪರಿಹಾರವಲ್ಲ, ಅದರಲ್ಲಿ ಉತ್ತರ ಕೊಡುವುದು ಹೆಚ್ಚಾಗಿ ಸ್ಮಾರ್ಟ್‌ಫೋನ್ ಇರುವ ಮಗಳು.

ಕಚೇರಿಗಳ ಅನುಮತಿ ಪತ್ರ, ನೈತಿಕ ಸಮಿತಿಯ ಒಪ್ಪಿಗೆ ಇವೆಯೇ ನೋಡಿ. ಕೃತಿಚೌರ್ಯ ವರದಿ ಆಫೀಸಿನವರು ನೋಡಿಕೊಳ್ಳುತ್ತಾರೆ.

ನಾಲ್ಕನೇ ಹೆಜ್ಜೆ: ದಾರಿ ತೋರಿಸಿ ವಾಪಸ್ ಕಳಿಸಿ

‘ಪ್ರಶ್ನೆ ಅಸ್ಪಷ್ಟ, ಪರಿಷ್ಕರಿಸಿ’ ಎಂದಷ್ಟೇ ಬರೆದರೆ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ತರುತ್ತಾಳೆ. ನಾನು ಎರಡು ದಾರಿ ಬರೆದುಕೊಡುತ್ತೇನೆ. ಹೋಲಿಕೆಯೇ ಬೇಕೆಂದಿದ್ದರೆ ಪ್ರಶ್ನಾವಳಿಯನ್ನು ಹತ್ತು ನಿಮಿಷಕ್ಕೆ ಇಳಿಸಿ, ಊರಾಚೆ ಕೂಲಿಗೆ ಹೋಗುತ್ತಾರೋ ಇಲ್ಲವೋ ಎಂಬ ಒಂದನ್ನೇ ಅಳೆದು, ಇಬ್ಬರು ಸಹಾಯಕರ ಸಂಬಳವನ್ನು ಬಜೆಟ್‌ನಲ್ಲಿ ತೋರಿಸಬೇಕು. ದುಡ್ಡಿಲ್ಲದಿದ್ದರೆ ಪ್ರಶ್ನೆಯನ್ನೇ ಬದಲಿಸಬೇಕು: ‘ದಿನವೂ ಕೂಲಿಗೆ ಬಸ್ ಹಿಡಿಯುವ ಮಹಿಳೆಯರಲ್ಲಿ ಉಳಿದ ಟಿಕೆಟ್ ದುಡ್ಡು ಎಲ್ಲಿ ಹೋಗುತ್ತದೆ, ಅದನ್ನು ತೀರ್ಮಾನಿಸುವವರು ಯಾರು?’ ಇದಕ್ಕೆ ಎರಡು ಹಳ್ಳಿಗಳ ಮೂವತ್ತು ಮಹಿಳೆಯರು ಸಾಕು. ಆದರೆ ಒಬ್ಬೊಬ್ಬರನ್ನೂ ವರ್ಷದಲ್ಲಿ ನಾಲ್ಕು ಸಲ, ಸುಗ್ಗಿಯಲ್ಲೂ ಕೆಲಸವಿಲ್ಲದ ತಿಂಗಳಲ್ಲೂ, ಭೇಟಿ ಮಾಡಬೇಕು. ಹೀಗೆ ಮಾಡಿದರೆ ‘ಯೋಜನೆಯಿಂದ ಜಿಲ್ಲೆಯಲ್ಲಿ ದುಡಿಮೆ ಹೆಚ್ಚಿತು’ ಎಂದು ಬರೆಯುವ ಹಕ್ಕು ಇರುವುದಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ನಮೂದಿಸಿ.

ಒಬ್ಬಳೇ ಹೋಗಿ ಮಾಡಬೇಕಾದ ವಿದ್ಯಾರ್ಥಿನಿಗೆ ನಾನು ಸೂಚಿಸುವುದು ಎರಡನೆಯದನ್ನೇ. ಪರಿಷ್ಕೃತ ಪ್ರಸ್ತಾವನೆಯ ಜೊತೆಗೆ ಐದು ಮನೆಗಳಲ್ಲಿ ನಡೆಸಿದ ಪೂರ್ವಪರೀಕ್ಷೆಯ ಟಿಪ್ಪಣಿಗಳನ್ನು, ಅಲ್ಲಿ ಕೇಳಿದ ಮಾತುಗಳಲ್ಲೇ ಬರೆದು, ಲಗತ್ತಿಸಲು ಹೇಳುತ್ತೇನೆ.