ಸಂತಾಲಿ ದುಭಾಷಿಯನ್ನು ತರಿಸಿಯೇ ಸಾಕ್ಷ್ಯ ಮುಂದುವರಿಸಿದ ನನ್ನ ಅನುಭವ

ನನ್ನ ಕಕ್ಷಿದಾರ ಒಡಿಶಾದ ಮಯೂರ್‌ಭಂಜ್‌ನಿಂದ ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಬಂದ, ಸಂತಾಲಿ ಭಾಷೆಯಾಡುವ ಯುವಕ. ಗೋದಾಮಿನಿಂದ ಕಾಫಿ ಮೂಟೆ ಕದ್ದ ಆರೋಪ ಅವನ ಮೇಲಿತ್ತು. ಕಾನೂನು ನೆರವಿನ ಪ್ಯಾನಲ್ ವಕೀಲನಾಗಿ ಕಡತ ನನ್ನ ಕೈಗೆ ಬಂದಾಗ, ಮೊದಲ ಇಬ್ಬರು ಸಾಕ್ಷಿಗಳ ವಿಚಾರಣೆ ಕನ್ನಡದಲ್ಲೇ ಮುಗಿದಿತ್ತು. ದುಭಾಷಿ ಬೇಕೆಂದಾಗ ಬಾರ್‌ನ ಹಿರಿಯರು, 'ಉತ್ತರದವನಿಗೆ ಹಿಂದಿ ಸಾಲದೇ? ಸುಮ್ಮನೆ ತಾರೀಖು ಹಾಳು' ಎಂದರು.

ಹಿಂದಿ ಸಾಲಲಿಲ್ಲ. ಆರೋಪ ಓದಿ ಹೇಳಿದ ದಿನ ಹಿಂದಿ ಬಲ್ಲ ಸಿಬ್ಬಂದಿಯೊಬ್ಬರು ವಿವರಿಸಿದ್ದರು, ಅವನು 'ಹಾಂ ಜೀ' ಎಂದಿದ್ದ. ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುವುದೊಂದೇ ಬಾಕಿ. ನನಗಿಂತ ಮೊದಲಿದ್ದ ವಕೀಲರು ಎದ್ದು ನಿಂತು ತಡೆದರಂತೆ. ಜೈಲಿನಲ್ಲಿ ನಾನು ಅವನನ್ನು ಪರೀಕ್ಷಿಸಿದೆ. ಹೌದು, ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆಗಳನ್ನೇ ಹಿಂದಿಯಲ್ಲಿ ಕೇಳಿದೆ: ಬೀಗದ ಕೈ ಯಾರ ಬಳಿ ಇರುತ್ತಿತ್ತು? ಸಂಬಳ ಯಾರು ಕೊಡುತ್ತಿದ್ದರು? ಪ್ರತಿ ಪ್ರಶ್ನೆಗೂ 'ಹಾಂ ಜೀ' ಎಂದೇ ಬಂತು. ಮೇಸ್ತ್ರಿಯ ಮಾತಿಗೆ ತಲೆಯಾಡಿಸಲು ಕಲಿತಷ್ಟೇ ಅವನ ಹಿಂದಿ. ಈ ಪ್ರಶ್ನೋತ್ತರವನ್ನು, ದುಭಾಷಿ ಬೇಕೆಂದು ನ್ಯಾಯಾಲಯಕ್ಕೆ ಕೊಟ್ಟ ಮೆಮೊಗೆ ಹಾಗೆಯೇ ಸೇರಿಸಿದೆ.

ನಮ್ಮದು ಹಳೆಯ ಪ್ರಕರಣವಾದ್ದರಿಂದ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂ ಅನ್ವಯ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 314. ಆರೋಪಿ ಖುದ್ದು ಹಾಜರಿದ್ದು, ಅವನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತೆರೆದ ನ್ಯಾಯಾಲಯದಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ವಕೀಲನಿಗೆ ಕನ್ನಡ ಬರುತ್ತದೆ ಎಂಬುದು ಇದಕ್ಕೆ ಉತ್ತರವಲ್ಲ. ಆದರೆ ಮೇಲ್ಮನವಿಯವರೆಗೆ ಸುಮ್ಮನಿದ್ದು ಅಲ್ಲಿ ಎತ್ತಿದರೆ ಪ್ರಯೋಜನ ಕಡಿಮೆ. ಸುಪ್ರೀಂ ಕೋರ್ಟಿನ ಶಿವನಾರಾಯಣ ಕಬ್ರಾ ತೀರ್ಪಿನ ಪ್ರಕಾರ ಇದು ಕ್ರಮದೋಷ ಮಾತ್ರ. ಆರೋಪಿಗೆ ಬಾಧಕವಾಯಿತೆಂದು ತೋರಿಸದೆ ವಿಚಾರಣೆ ರದ್ದಾಗುವುದಿಲ್ಲ. ಆದ್ದರಿಂದ ನನ್ನ ಮೊದಲ ತಾರೀಖಿನಲ್ಲೇ ಲಿಖಿತ ಆಕ್ಷೇಪ ಹಾಕಿದೆ.

ನಿಜವಾದ ಕಷ್ಟ ಆಮೇಲೆ. ಅಭಿಯೋಜನೆ ಸೂಚಿಸಿದ ಮೊದಲ ದುಭಾಷಿ ಅದೇ ತೋಟದ ಮೇಸ್ತ್ರಿ. ಅವನ ಮುಂದೆ ನನ್ನ ಹುಡುಗ ಬಾಯಿಯೇ ಬಿಡಲಿಲ್ಲ. ಎರಡನೆಯವರು ಒಡಿಯಾ ಬಲ್ಲವರು. ಮನೆಯ ಮಾತು, ಊಟದ ಮಾತು ನಡೆಯಿತು. ಸಾಕ್ಷಿಯ ಹೇಳಿಕೆಯನ್ನು ತಿರುಗಿ ಹೇಳೆಂದರೆ ಅರ್ಧ ತಪ್ಪಿತು. ಮೂರನೆಯ ಬಾರಿಗೆ ಪಕ್ಕದ ಜಿಲ್ಲೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಸಂತಾಲಿ ಮಾತೃಭಾಷೆಯ ಯುವಕರೊಬ್ಬರು ಸಿಕ್ಕರು. ಕೆಲಸದಲ್ಲಿ ನಾಲ್ಕೈದು ವರ್ಷ ಕಳೆದು ಕನ್ನಡ ಚೆನ್ನಾಗಿ ಕಲಿತಿದ್ದರು. ದಿನಕ್ಕೆ ಸುಮಾರು 1,200 ರೂಪಾಯಿ, ಬಸ್ ಖರ್ಚು ಬೇರೆ. ಆರು ತಾರೀಖಿಗೆ ಹತ್ತಿರ ಹತ್ತಿರ ಒಂಬತ್ತು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಕಾನೂನು ಸೇವಾ ಪ್ರಾಧಿಕಾರದಿಂದ ನಾಲ್ಕು ತಿಂಗಳ ನಂತರ ಐದೂವರೆ ಸಾವಿರ ಬಂತು. ಹಾಜರಾತಿಗೆ ಪ್ರತಿ ದಿನ ಬೆಂಚ್ ಕ್ಲರ್ಕ್ ಸಹಿ ಪಡೆದಿದ್ದರಿಂದ ಅಷ್ಟಾದರೂ ಬಂತು.

ಸಮಯ ಉಳಿಯಲೆಂದು ಒಂದು ದಿನ ಕಟಕಟೆಯ ಪಕ್ಕ ಕಿವಿಯಲ್ಲಿ ಪಿಸುಗುಟ್ಟಿಸಿ ನೋಡಿದೆವು. ವೇಗವೇನೋ ಬಂತು, ಆದರೆ ಏನು ಹೇಳಿದರು, ಏನು ಬಿಟ್ಟರು ಎಂದು ಯಾರಿಗೂ ತಿಳಿಯದಂತಾಯಿತು. ಅಭಿಯೋಜಕರ ಆಕ್ಷೇಪ ನ್ಯಾಯವೇ ಆಗಿತ್ತು, ಬಿಟ್ಟೆ. ಆಮೇಲೆ ದುಭಾಷಿ ಪ್ರಮಾಣ ಸ್ವೀಕರಿಸಿ, ಪ್ರತಿ ಉತ್ತರದ ನಂತರ ಗಟ್ಟಿಯಾಗಿ ಹೇಳತೊಡಗಿದರು. ಸಾಕ್ಷಿ 'ನಾನು ನೋಡಿದೆ' ಎಂದರೆ ಅವರೂ 'ನಾನು ನೋಡಿದೆ' ಎಂದೇ ಹೇಳಬೇಕು, ಸಾರಾಂಶ ಹೇಳಕೂಡದು. ಇಪ್ಪತ್ತೈದು ನಿಮಿಷದ ಸಾಕ್ಷ್ಯ ಒಂದೂಕಾಲು ಗಂಟೆಗೆ ಹೋಯಿತು. ಪ್ರತಿ ಹೇಳಿಕೆಯ ಕೊನೆಗೆ 'ಸಂತಾಲಿಯಲ್ಲಿ ಆರೋಪಿಗೆ ತಿಳಿಸಲಾಯಿತು' ಎಂದು ಬರೆಸಿ ದುಭಾಷಿಯ ಸಹಿ ಹಾಕಿಸಿದೆ.

ಮೊದಲು ವಿಚಾರಣೆಯಾಗಿದ್ದ ತೋಟದ ರೈಟರ್ ಅವರನ್ನು ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಂ ಅಡಿ ಮತ್ತೆ ಕರೆಸಿದೆ. 'ರಾತ್ರಿ ಗೋದಾಮಿನ ಬೀಗ ಒಡೆದಿತ್ತು, ಇವನು ಒಳಗಿದ್ದ' ಎಂಬ ಅವರ ಹಳೆಯ ಮಾತನ್ನು ಸಂತಾಲಿಯಲ್ಲಿ ಹೇಳುತ್ತಿದ್ದಂತೆಯೇ ಆರೋಪಿ ನನ್ನತ್ತ ಕೈಯೆತ್ತಿದ. ಒಂದೂವರೆ ವರ್ಷದಲ್ಲಿ ಅವನು ತಾನಾಗಿ ಮಾತನಾಡಿದ್ದು ಅದೇ ಮೊದಲು. ಬೀಗ ಒಡೆದಿರಲಿಲ್ಲ, ಮೂಟೆ ಜಾಗ ಬದಲಿಸಲು ರೈಟರ್ ಅವರೇ ಬೀಗದ ಕೈ ಕೊಟ್ಟು ಕಳುಹಿಸಿದ್ದರು ಎಂದ. ಮಹಜರು ನೋಡಿದೆ: ಒಡೆದ ಬೀಗದ ಜಪ್ತಿಯೇ ಇರಲಿಲ್ಲ! ಆ ಪುಟವನ್ನು ಹತ್ತು ಸಲ ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಪಾಟೀಸವಾಲಿನಲ್ಲಿ ರೈಟರ್ ಅವರು, ಬೀಗದ ಮೂಲ ಕೈ ಆ ರಾತ್ರಿ ತಮ್ಮ ಬಳಿ ಇರಲಿಲ್ಲವೆಂದು ಒಪ್ಪಿಕೊಂಡರು.

ನ್ಯಾಯಾಲಯವೇ ಆರೋಪಿಯನ್ನು ಪ್ರಶ್ನಿಸಿ ಬರೆದುಕೊಳ್ಳುವ 313ನೇ ಕಲಂ ಹೇಳಿಕೆಯ ದಿನ ಅವನ ಉತ್ತರಗಳು ಎರಡೂವರೆ ಪುಟವಾದವು. ಎರಡು ತಿಂಗಳ ನಂತರ ಬಿಡುಗಡೆಯ ತೀರ್ಪು ಬಂತು. ಅದನ್ನೂ ಆ ಬ್ಯಾಂಕಿನ ಯುವಕರೇ ಅವನಿಗೆ ಹೇಳಿದರು, ಆ ದಿನದ ಹಣ ತೆಗೆದುಕೊಳ್ಳಲಿಲ್ಲ.